ಅಪ್‌ಡೇಟ್: ಜಗಲಿ ಗೋಡೆಗೆ ಹ್ಯಾಚ್ ಕೂತಿತು

ನಾನು ಕೇಳಿದ್ದು: "ತೀರ್ಥಹಳ್ಳಿ ಮನೆ ಪ್ಲಾನಿನಲ್ಲಿ ಜಂಬಿಟ್ಟಿಗೆ ಗೋಡೆಗೆ ಆಟೋಕ್ಯಾಡ್ ಹ್ಯಾಚ್ ತುಂಬ್ತಾನೇ ಇಲ್ಲ, ಯಾಕೆ?"

ಸರಿಹೋಯ್ತು, ಎಲ್ಲರಿಗೂ ಧನ್ಯವಾದ. ನೀವು ಹೇಳಿದ ಹಾಗೆ ಎರರ್ ಬಂದ ಮೇಲೆ ಗೋಡೆಯ ಸುತ್ತ ನೋಡಿದೆ. ಜಗಲಿ ಮೂಲೆಯಲ್ಲಿ ಕೆಂಪು ವೃತ್ತಗಳು. ಅಲ್ಲಿಗೇ ಜೂಮ್ ಮಾಡುತ್ತಾ ಹೋದರೆ, ಕೂಡಿದಂತೆ ಕಾಣುತ್ತಿದ್ದ ಗೆರೆಗಳ ನಡುವೆ 3 ಮಿ.ಮೀ. ಸಂದು! ಆಸ್ನ್ಯಾಪ್ ಇಲ್ಲದೆ ಕಣ್ಣಂದಾಜಿನಲ್ಲಿ ಎಳೆದಿದ್ದೆ.

`HPGAPTOL` 5 ಕೊಟ್ಟಾಗ ಹ್ಯಾಚ್ ತುಂಬಿತು, ಆದರೆ ಗೆರೆಗಳ ಸಂದು ಹಾಗೇ ಉಳಿಯಿತು. ನನಗದು ಸರಿ ಅನ್ನಿಸಲಿಲ್ಲ, ಮುಂದೆ ಇದೇ ಗೋಡೆಯ ವಿಸ್ತೀರ್ಣ ತೆಗೆಯಬೇಕು. ಹ್ಯಾಚ್ ಅಳಿಸಿ, `HPGAPTOL` ಅನ್ನು 0ಗೆ ತಂದು, `FILLET` ರೇಡಿಯಸ್ 0 ಇಟ್ಟು ಎರಡೂ ಗೆರೆ ಆರಿಸಿದೆ, ಮೂಲೆ ಕೂಡಿತು. ಒಳಗೆ ಕ್ಲಿಕ್ ಮಾಡಿದ್ದೇ ತಡ, ಹ್ಯಾಚ್ ಬಂತು. ಉಳಿದ ಕೆಂಪು ವೃತ್ತ `REGEN` ಕೊಟ್ಟರೆ ಹೋಗುತ್ತೆ.