ಪದ ಬೇಕು: ಗೇಮಿನ ಕಡಲಿನಲ್ಲಿ ‘ಕ್ಯಾಸ್ಕೇಡ್’ ಮತ್ತು ‘ಟೈಲಿಂಗ್’

ಹಾಯಿದೋಣಿ:
ನಮಸ್ಕಾರ. ಒಂದು ದೋಣಿ ಗೇಮಿನ ಸೆಟ್ಟಿಂಗ್ಸ್ ಪುಟವನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಬೆಳಿಗ್ಗೆ ಕಡತ ಕಳಿಸಬೇಕು. `Wave cascades: 1 / 2 / 3` ಅಂತ ಒಂದು ಸಾಲು, ಅದರ ಕೆಳಗೆ `More cascades reduce visible tiling` ಅಂತ ವಿವರಣೆ. ಕಡಲನ್ನು ಎಫ್‌ಎಫ್‌ಟಿಯಿಂದ, ಅಂದರೆ ಸಾವಿರಾರು ಅಲೆಗಳನ್ನು ಒಟ್ಟಿಗೆ ಬೇಗ ಕೂಡಿಸುವ ಗಣಿತದ ವಿಧಾನದಿಂದ ಕಟ್ಟಿದ್ದಾರೆ. ಸದ್ಯಕ್ಕೆ ‘ಅಲೆ ಮಟ್ಟ’, ‘ಹಂಚು ಕಾಣುವುದು’ ಎಂದು ಬರೆದಿಟ್ಟಿದ್ದೇನೆ. ಎರಡೂ ಮನಸ್ಸಿಗೆ ಒಗ್ಗುತ್ತಿಲ್ಲ.

ನಿವೃತ್ತ ಮೇಷ್ಟ್ರು:
ಕ್ಯಾಸ್ಕೇಡ್ ಎಂದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಸಣ್ಣ ಜಲಪಾತ. ಬೀಳು ಎಂಬ ಅರ್ಥದ ಇಟಾಲಿಯನ್ ಕ್ರಿಯಾಪದದಿಂದ ಬಂದದ್ದು. ಮಲೆನಾಡಿನಲ್ಲಿ ‘ಅಬ್ಬಿ’ ಎನ್ನುತ್ತಾರೆ. ‘ಅಲೆಯಬ್ಬಿ’ ಎಂದಿಡಿ, ಮುದ್ದಾಗಿದೆ.

ಬೇರುನುಡಿ:
ಅಬ್ಬಿ ಒಳ್ಳೆಯ ಪದ, ಆದರೆ ಕಡಲಿನಲ್ಲಿ ಅದಕ್ಕೇನು ಕೆಲಸ? ಇಲ್ಲಿ ಬೇಕಾದದ್ದು ‘ತೆರೆ’. ಅಲೆಗೂ ತೆರೆ, ಮುಚ್ಚುವ ಪರದೆಗೂ ತೆರೆ. ತಮಿಳಿನ ‘ತಿರೈ’ಗೂ ಇದೇ ಎರಡು ಅರ್ಥ. ಇಷ್ಟು ಹಳೆಯ ಬೇರಿರುವಾಗ ತರಂಗ, ಸ್ತರ ಎಂದು ಸಂಸ್ಕೃತದ ಬಾಗಿಲು ತಟ್ಟಬೇಡಿ. ‘ತೆರೆಪೊರೆ’ ಎನ್ನಿ, ಮುಗಿಯಿತು.

ಹಾಯಿದೋಣಿ:
ಸರ್, ಅದೇ ಪುಟದಲ್ಲಿ ‘ಪೂರ್ಣ ತೆರೆ’ ಎಂಬ ಗುಂಡಿ ಇದೆ. ಅದರ ಪಕ್ಕದಲ್ಲೇ ‘ತೆರೆಪೊರೆ’ ಇದ್ದರೆ ಆಡುವವರು ಮಾನಿಟರಿನ ವಿಷಯ ಅಂದುಕೊಳ್ಳುತ್ತಾರೆ.

ಲೆಕ್ಕಿಗ:
ಪದ ಹುಡುಕುವ ಮುಂಚೆ ವಸ್ತು ನೋಡೋಣ. ಎಫ್‌ಎಫ್‌ಟಿ ಇಡೀ ಕಡಲನ್ನು ಕಟ್ಟುವುದಿಲ್ಲ. ಒಂದು ಚೌಕ ತುಂಡನ್ನು ಕಟ್ಟುತ್ತದೆ, ಅದನ್ನೇ ಅಕ್ಕಪಕ್ಕ ಇಡುತ್ತಾ ಹೋಗುತ್ತಾರೆ. ತುಂಡಿನೊಳಗಿನ ಪ್ರತಿ ಅಲೆಯೂ ಆ ಉದ್ದದಲ್ಲಿ ಪೂರ್ಣ ಸಂಖ್ಯೆಯ ಸುತ್ತು ಮುಗಿಸುವುದರಿಂದ ಅಂಚುಗಳು ಕೂದಲೆಳೆಯಷ್ಟೂ ಬಿರುಕಿಲ್ಲದೆ ಕೂಡಿಕೊಳ್ಳುತ್ತವೆ. ಹಾಗಾಗಿ ‘ಹಂಚು’ ಸಲ್ಲದು. ಹಂಚು ಎಂದರೆ ಜೋಡಿಸಿದ ಸಂದು ಕಣ್ಣಿಗೆ ಬರುತ್ತದೆ. ಇಲ್ಲಿ ಸಂದೇ ಇಲ್ಲ, ಅದೇ ಅಲೆ ಮತ್ತೆ ಮತ್ತೆ ಬರುವುದೇ ತೊಂದರೆ. ಸೀರೆಗೆ ಮರದ ಅಚ್ಚು ಒತ್ತಿದಂತೆ. ಮೇಲಿನಿಂದ ನೋಡಿದರೆ ಒಂದೇ ಉಬ್ಬು ಸಾಲಾಗಿ ನಿಂತಿರುತ್ತದೆ.

‘ಮಟ್ಟ’ ಇನ್ನೂ ತಪ್ಪು. ‘ಅಲೆ ಮಟ್ಟ 3’ ಎಂದರೆ ಅಲೆ ಎತ್ತರ ಹೆಚ್ಚುತ್ತದೆ ಎಂದು ಓದುತ್ತಾರೆ. ಇಲ್ಲಿ ಒಂದೊಂದು ಕ್ಯಾಸ್ಕೇಡ್ ಎಂದರೆ ಬೇರೆ ಉದ್ದದ ಇಂಥ ಒಂದೊಂದು ತುಂಡು, ಎಲ್ಲವನ್ನೂ ಅದೇ ನೀರಿನ ಮೇಲೆ ಕೂಡಿಸುತ್ತಾರೆ. ಹೀಗೆ ಸೇರಿಸಿದರೆ ಎತ್ತರ ಬೆಳೆಯಬಾರದು. ಬೆಳೆದರೆ ಲೆಕ್ಕ ತಪ್ಪಿದೆ ಎಂದರ್ಥ.

ಪಿಕ್ಸೆಲ್:
ಇಷ್ಟೆಲ್ಲ ಯಾಕೆ? ಗ್ರಿಡ್ಡನ್ನು, ಅಂದರೆ ತುಂಡಿನ ಒಂದು ಬದಿಯ ಚುಕ್ಕೆಗಳ ಎಣಿಕೆಯನ್ನು, 256ರಿಂದ 512 ಮಾಡಿದರೆ ಟೈಲಿಂಗೇ ಹೋಗುತ್ತದೆ. ಆಮೇಲೆ ಪದವೂ ಬೇಡ.

ಲೆಕ್ಕಿಗ:
ಹೋಗುವುದಿಲ್ಲ. ಗ್ರಿಡ್ ಹೆಚ್ಚಿಸಿದರೆ ತುಂಡಿನೊಳಗೆ ಇನ್ನೂ ಸಣ್ಣ ಅಲೆ ಸೇರುತ್ತದೆ, ತುಂಡಿನ ಉದ್ದ ಅಷ್ಟೇ ಉಳಿಯುತ್ತದೆ. ಮರುಕಳಿಸುವ ದೂರ ಆ ಉದ್ದವೇ. ಗ್ರಿಡ್ಡಿನ ಜೊತೆ ಉದ್ದವನ್ನೂ ಎರಡರಷ್ಟು ಮಾಡಿದರೆ ಮಾತ್ರ ನೀವು ಹೇಳಿದ್ದು ಅರ್ಧ ನಿಜ.

ನಾನು ಒಂದು ಗೇಮಿಗೆ ಮಾಡಿದ್ದನ್ನೇ ಹೇಳುತ್ತೇನೆ. ಮೊದಲು ಮೂರು ತುಂಡುಗಳನ್ನು 400, 100, 25 ಮೀಟರಿಗೆ ಇಟ್ಟಿದ್ದೆ. ಒಂದು ಇನ್ನೊಂದನ್ನು ಸರಿಯಾಗಿ ಭಾಗಿಸುತ್ತದೆ, ಹಾಗಾಗಿ 400 ಮೀಟರಿಗೊಮ್ಮೆ ಮೂರೂ ಒಟ್ಟಿಗೆ ಮೊದಲಿಗೆ ಬಂದು ನಿಲ್ಲುತ್ತಿದ್ದವು. ಆಮೇಲೆ ಹೀಗೆ ಬದಲಿಸಿದೆ:

```
L = [397, 89, 19]
```

397 ಮತ್ತು 89 ಎರಡೂ ಒಟ್ಟಿಗೆ ಕೂಡಬೇಕಾದರೆ ಈಗ 35 ಕಿಲೋಮೀಟರ್ ದಾಟಬೇಕು. ಆದರೆ ಉದ್ದ ಬದಲಿಸಿದರಷ್ಟೇ ಸಾಲದು, ಒಂದೊಂದು ತುಂಡಿಗೆ ಬೇರೆ ಬೇರೆ ಅಲೆಯುದ್ದವನ್ನು ಹಂಚಿಕೊಡಬೇಕು. 15 ಮೀಟರಿಗಿಂತ ಉದ್ದದ ಅಲೆಗಳು ಮೊದಲನೆಯದಕ್ಕೆ, 15ರಿಂದ 3 ಮೀಟರಿನವು ಎರಡನೆಯದಕ್ಕೆ, ಉಳಿದ ಸಣ್ಣವು ಮೂರನೆಯದಕ್ಕೆ. ಹಂಚದೆ ಮೂರನ್ನೂ ಕೂಡಿಸಿದರೆ ಒಂದೇ ಅಲೆಯ ಶಕ್ತಿ ಎರಡೆರಡು ಸಲ ಲೆಕ್ಕಕ್ಕೆ ಬರುತ್ತದೆ, ಸಣ್ಣ ಗಾಳಿಗೂ ಕಡಲು ಕುದಿಯುತ್ತದೆ. 89ರ ತುಂಡಿಗೆ 15ರಿಂದ ಮಾತ್ರ ಕೊಟ್ಟದ್ದು ಯಾಕೆಂದರೆ, ತುಂಡಿನ ಉದ್ದಕ್ಕೆ ಹತ್ತಿರದ ಅಲೆಗಳು ಅದರಲ್ಲಿ ಬೆರಳೆಣಿಕೆಯಷ್ಟೇ ಹಿಡಿಸುತ್ತವೆ. ಅವನ್ನೂ ಅದರಲ್ಲಿ ಸೇರಿಸಿದರೆ ಕಡಲು ಗೆರೆ ಎಳೆದಂತೆ ಕಾಣುತ್ತದೆ.

ತೀರದವಳು:
ನಮ್ಮ ಮನೆಯಲ್ಲಿ ಮೂರು ತಲೆಮಾರು ಮೀನುಗಾರಿಕೆ. ದೋಣಿಯಿಂದ ನೋಡಿದರೆ ಲೆಕ್ಕಿಗರು ಹೇಳಿದ್ದೇ ಕಾಣುತ್ತದೆ: ದೂರದಿಂದ ಬಂದ ದೊಡ್ಡ ಅಲೆಯ ಮೈಮೇಲೆ ಗಾಳಿಯ ಸಣ್ಣ ಅಲೆ, ಅದರ ಮೇಲೆ ಇನ್ನೂ ಸಣ್ಣ ನಡುಕ. ಒಂದರ ಕೆಳಗೆ ಒಂದು ಇರುವುದಲ್ಲ, ಒಂದೇ ನೀರಿನ ಮೈ. ಹಾಗಾಗಿ ಪೊರೆ, ಪದರ ಎನ್ನುವವರು ಒಮ್ಮೆ ಕಡಲಿಗೆ ಬಂದು ನೋಡಲಿ. ಇನ್ನೊಂದು ಮಾತು. ನನ್ನ ಮಗ ಆಡುವ ಗೇಮಿನಲ್ಲಿ ಬಂಡೆಯ ಮೇಲಿನಿಂದ ನೋಡಿದರೆ ಕಡಲು ಚಾಪೆ ಹಾಸಿದಂತಿರುತ್ತದೆ. ಅದಕ್ಕೂ ಇದೇ ಕಾರಣವೋ?

ಲೆಕ್ಕಿಗ:
ಅದೇ ಕಾರಣ ಮೇಡಂ, ಮತ್ತು ನನ್ನ 397ಕ್ಕೂ ಅದೇ ಗತಿಯಾಯಿತು. ಸೆಕೆಂಡಿಗೆ 10 ಮೀಟರ್ ಗಾಳಿ ಬಹುಕಾಲ ಬೀಸಿದ ಕಡಲಿನಲ್ಲಿ ಮುಖ್ಯ ಅಲೆಯ ಉದ್ದ ಸುಮಾರು 88 ಮೀಟರ್. 397ರಲ್ಲಿ ಅಂಥವು ನಾಲ್ಕೈದು ಮಾತ್ರ. ಕಡಲಿನ ಎತ್ತರವೆಲ್ಲ ಬಹುಪಾಲು ಆ ನಾಲ್ಕೈದು ಅಲೆಗಳಲ್ಲೇ ಇರುವುದರಿಂದ 35 ಕಿಲೋಮೀಟರಿನ ಲೆಕ್ಕ ಕಾಗದದ ಮೇಲೆ ಉಳಿಯಿತು, ಕಣ್ಣು ದೊಡ್ಡ ಉಬ್ಬನ್ನೇ ಗುರುತಿಟ್ಟುಕೊಂಡಿತು. ಡೆಕ್ಕಿನಿಂದ ಗೊತ್ತಾಗಲಿಲ್ಲ, ಪಟಸ್ತಂಭ ಹತ್ತಿದ ಕೂಡಲೇ ಗೊತ್ತಾಯಿತು. ಕೊನೆಗೆ ದೊಡ್ಡ ತುಂಡನ್ನು 1009 ಮೀಟರಿಗೆ ಏರಿಸಿದೆ. ಸಣ್ಣ 19ರದನ್ನು ದೂರ ಹೋದಂತೆ ಕರಗಿಸಿಬಿಟ್ಟೆ, ದೂರದಲ್ಲಿ ಅದು ಚಾಪೆಯ ನೇಯ್ಗೆಯನ್ನಷ್ಟೇ ತೋರಿಸುತ್ತಿತ್ತು. ಆದ್ದರಿಂದ ಆ ಇಂಗ್ಲಿಷ್ ವಿವರಣೆಯೇ ಪೂರ್ತಿ ನಿಜವಲ್ಲ. ಸಂಖ್ಯೆ ಹೆಚ್ಚಿದರೆ ಸಾಲದು, ಉದ್ದಗಳ ಆಯ್ಕೆ ಸರಿಯಿರಬೇಕು.

ಪದಕ್ಕೆ ನನ್ನ ಸೂಚನೆ ‘ಸ್ಥಾಯಿ’. ಸಂಗೀತದಲ್ಲಿ ಮಂದ್ರ, ಮಧ್ಯ, ತಾರ ಇದ್ದ ಹಾಗೆ ಇಲ್ಲೂ ಉದ್ದಲೆ, ನಡುವಲೆ, ಕಿರಿಯಲೆ. ಎಲ್ಲ ಒಟ್ಟಿಗೆ ಕೇಳಿಸುತ್ತವೆ, ಒಂದೊಂದರ ಹರವು ಬೇರೆ.

ಬೇರುನುಡಿ:
ಮತ್ತೆ ಸಂಸ್ಕೃತ. ‘ಅಲೆ ಸ್ಥಾಯಿ’ ಎಂದರೆ ನಿಂತಲ್ಲೇ ನಿಂತ ಅಲೆ ಎಂದೇ ಎಲ್ಲರೂ ಓದುವುದು. ಒಪ್ಪುವುದಿಲ್ಲ.

ಪಿಕ್ಸೆಲ್:
ಹಾಗಾದರೆ ‘ಕ್ಯಾಸ್ಕೇಡ್’ ಅಂತಲೇ ಬಿಡಿ. ಗ್ರಾಫಿಕ್ಸ್ ಸೆಟ್ಟಿಂಗ್ ಮುಟ್ಟುವವರಿಗೆ ಅದು ಗೊತ್ತಿರುತ್ತದೆ. ಬಸ್ಸು, ಟಿಕೆಟ್ಟು ನಮ್ಮವಾಗಲಿಲ್ಲವೇ?

ಬೇರುನುಡಿ:
ಟಿಕೆಟ್ಟು ಎಲ್ಲರ ಕೈಗೆ ಬಂತು, ಅದಕ್ಕೇ ಬಾಯಿಗೂ ಬಂತು. ಕ್ಯಾಸ್ಕೇಡ್ ಯಾರ ಕೈಗೆ ಬಂದಿದೆ? ಹತ್ತು ಜನ ಪ್ರೋಗ್ರಾಮರುಗಳ ಪದವನ್ನು ಎರವಲು ಎಂದು ಕರೆಯಬೇಡಿ.

ತೀರದವಳು:
‘ಗುಂಪು’ ಆಗುವುದಿಲ್ಲವೇ? ಅಲೆಗಳು ಗುಂಪು ಗುಂಪಾಗಿ ಬರುತ್ತವೆ ಎಂದು ನಾವು ಹೇಳುತ್ತೇವೆ.

ಲೆಕ್ಕಿಗ:
ನೀವು ಹೇಳುವ ಗುಂಪು ಒಂದರ ಹಿಂದೆ ಒಂದು ಬರುವ ದೊಡ್ಡ ಅಲೆಗಳದು, ಅದು ಬೇರೆ. ಉದ್ದದ ಮೇಲೆ ವಿಂಗಡಿಸಿದ್ದು ಎಂಬುದು ಆ ಪದದಲ್ಲಿ ಬರುವುದಿಲ್ಲ. ಆದರೂ ‘ಮಟ್ಟ’ಕ್ಕಿಂತ ವಾಸಿ.

ಹಾಯಿದೋಣಿ:
ಎಲ್ಲರಿಗೂ ವಂದನೆ. ಹೀಗೆ ಕಳಿಸುತ್ತಿದ್ದೇನೆ: ‘ಅಲೆ ಗುಂಪುಗಳು: 1 / 2 / 3’. ವಿವರಣೆ: ‘ಉದ್ದ, ನಡು, ಕಿರು ಅಲೆಗಳನ್ನು ಬೇರೆ ಬೇರೆಯಾಗಿ ಕಟ್ಟುತ್ತದೆ, ಕಡಲಿನಲ್ಲಿ ಒಂದೇ ಅಚ್ಚು ಮರುಕಳಿಸುವುದು ಕಡಿಮೆ ಕಾಣುತ್ತದೆ.’ 1009ರ ವಿಷಯವನ್ನು ಗೇಮು ಮಾಡಿದವರಿಗೂ ಬರೆದಿದ್ದೇನೆ. ಅವರ ದೊಡ್ಡ ತುಂಡು 256 ಮೀಟರ್, ಸಣ್ಣದು 64.

ಬೇರುನುಡಿ:
ಅಚ್ಚು ಸರಿ. ಗುಂಪಿಗೆ ನನ್ನ ಒಪ್ಪಿಗೆಯಿಲ್ಲ, ನಾಳೆ ಬರೆಯುತ್ತೇನೆ.

ಲೆಕ್ಕಿಗ:
256, 64 ಎಂದರೆ ನಾಲ್ಕು ಸಣ್ಣವು ಒಂದು ದೊಡ್ಡದರೊಳಗೆ ಸರಿಯಾಗಿ ಕೂರುತ್ತವೆ. 3 ಒತ್ತಿದರೂ ಅವರ ಅಚ್ಚು 256ಕ್ಕೊಮ್ಮೆ ಕಂಡೇ ಕಾಣುತ್ತದೆ. 64ನ್ನು 61 ಮಾಡಲು ಹೇಳಿ, ಅದು ಒಂದು ಸಾಲಿನ ಬದಲಾವಣೆ. ದೊಡ್ಡದನ್ನು ಹಿಗ್ಗಿಸುವುದು ಆಮೇಲಿನ ಮಾತು.