ತೂಕ 83ರಲ್ಲೇ ನಿಲ್ಲಬೇಕು, ಸ್ಕ್ವಾಟ್ ಇಳಿಯಬಾರದು: ಊಟದ ಲೆಕ್ಕ ಹೇಗೆ?

ಪ್ರಶ್ನೆ

ನಾನು 83 ಕೆಜಿ ವರ್ಗದ ಪವರ್‌ಲಿಫ್ಟರ್. ಸ್ಪರ್ಧೆಗೆ ಇನ್ನೂ ಹತ್ತು ವಾರ ಇದೆ. ವಾರಕ್ಕೆ ನಾಲ್ಕು ದಿನ ಸಂಜೆ ಅಭ್ಯಾಸ. ಬೆಳಗಿನ ತೂಕ ಒಂದು ದಿನ 82.6, ಇನ್ನೊಂದು ದಿನ 84.2. ಜಾಸ್ತಿ ಕಂಡ ದಿನ ಅನ್ನ ಬಿಡುತ್ತೇನೆ, ಮರುದಿನ ಸ್ಕ್ವಾಟ್ ಏಳುವುದೇ ಇಲ್ಲ. ಮೂರು ವಾರ ತಿಂದಿದ್ದೆಲ್ಲ ಬರೆದಿಟ್ಟಿದ್ದೇನೆ: ದಿನಕ್ಕೆ ಸುಮಾರು 2900 ಕ್ಯಾಲೊರಿ, ವಾರದ ಸರಾಸರಿ ತೂಕ 83.0, 83.2, 83.4. ಊಟ ಹೇಗೆ ಜೋಡಿಸಿಕೊಳ್ಳಲಿ?

105ರ ಲಿಫ್ಟರ್

ಗುರು, ಇದು ನೀರಿನ ಆಟ ಅಷ್ಟೇ. ಕೊನೆಯ ಎರಡು ದಿನ ಸೊಪ್ಪು, ಕಾಳು, ಸಿಪ್ಪೆ ಇರುವ ಹಣ್ಣು ಬಿಡು. ಬಿಳಿ ಅನ್ನ, ಮೊಟ್ಟೆ, ಮೀನು ಇಷ್ಟರಲ್ಲೇ ಇರು. ನಾರು ಕಡಿಮೆಯಾದರೆ ಕರುಳು ಖಾಲಿಯಾಗಿ ಅರ್ಧ ಕೆಜಿಯಾದರೂ ಇಳಿಯುತ್ತೆ, ಶಕ್ತಿಗೆ ಏನೂ ಆಗಲ್ಲ. ತೂಕ ನೋಡಿದ ಮೇಲೆ ಚೆನ್ನಾಗಿ ತಿನ್ನು.

ಪ್ರಶ್ನೆ ಕೇಳಿದವರು

ಅದು ಸ್ಪರ್ಧೆಯ ವಾರಕ್ಕೆ ಉಪಯೋಗವಾಗುತ್ತದೆ, ಬರೆದಿಟ್ಟುಕೊಂಡೆ. ನಾನು ಕೇಳಿದ್ದು ಈಗಿನ ಹತ್ತು ವಾರದ ಊಟ.

ತರಬೇತುದಾರ

ಮೊದಲು 82.6 ಮತ್ತು 84.2 ಎರಡನ್ನೂ ಮರೆತುಬಿಡಿ. ಅನ್ನದಂಥ ಆಹಾರದ ಕಾರ್ಬ್ ದೇಹದಲ್ಲಿ ಗ್ಲೈಕೊಜೆನ್ ಆಗಿ ಕೂಡಿರುತ್ತದೆ, ಅದರ ಒಂದು ಗ್ರಾಂ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಂದಿನ ರಾತ್ರಿ ಅನ್ನ, ಉಪ್ಪು ಎರಡೂ ಜಾಸ್ತಿಯಾದರೆ ಬೆಳಿಗ್ಗೆ ಒಂದು ಕೆಜಿ ಹೆಚ್ಚು ಕಾಣುವುದು ಸಹಜ, ಅದು ಕೊಬ್ಬಲ್ಲ. ಅದಕ್ಕೆ ಹೆದರಿ ಅನ್ನ ಬಿಟ್ಟಾಗ ಇಳಿದದ್ದು ಗ್ಲೈಕೊಜೆನ್ ಮತ್ತು ಅದರ ನೀರು. ಮರುದಿನದ ಸ್ಕ್ವಾಟ್ ಬಿದ್ದದ್ದರಲ್ಲಿ ಅದರ ಪಾಲೂ ಇದ್ದೀತು.

ನಂಬಬೇಕಾದದ್ದು ವಾರದ ಸರಾಸರಿಯನ್ನು. ನಿಮ್ಮದು ವಾರಕ್ಕೆ 200 ಗ್ರಾಂ ಏರುತ್ತಿದೆ. ಒಂದು ಕೆಜಿ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ ಎಂದು ಹಿಡಿದರೆ ದಿನಕ್ಕೆ 220ರಷ್ಟು ಹೆಚ್ಚು ತಿನ್ನುತ್ತಿದ್ದೀರಿ. ಅಂದರೆ ತೂಕ ನಿಲ್ಲುವ ಮಟ್ಟ 2700ರ ಆಸುಪಾಸು. ಮೂರು ವಾರದ ಲೆಕ್ಕವಾದ್ದರಿಂದ ಇದನ್ನು ಸದ್ಯದ ಅಂದಾಜು ಎಂದಷ್ಟೇ ಇಟ್ಟುಕೊಳ್ಳಿ.

ಪ್ರೋಟೀನ್ 170 ಗ್ರಾಂ, ಕೊಬ್ಬು 75 ಗ್ರಾಂ. ಇವೆರಡನ್ನೂ ದಿನದಿಂದ ದಿನಕ್ಕೆ ಬದಲಿಸಬೇಡಿ. ಉಳಿದದ್ದೆಲ್ಲ ಕಾರ್ಬ್. ಅಭ್ಯಾಸದ ದಿನ 2850, ರಜಾದಿನ 2500 ಇಟ್ಟರೆ ನಾಲ್ಕು ಮತ್ತು ಮೂರು ದಿನ ಸೇರಿ ಸರಾಸರಿ ಸರಿಯಾಗಿ 2700 ಬರುತ್ತದೆ. ಕೇಳಲು ದೊಡ್ಡ ಲೆಕ್ಕ, ಅಡುಗೆಮನೆಯಲ್ಲಿ ಮಾತ್ರ ಆ 350ರ ವ್ಯತ್ಯಾಸ ಎಂದರೆ 100 ಗ್ರಾಂ ಅಕ್ಕಿ ಅಷ್ಟೇ. ಬೆಳಿಗ್ಗೆ ಓಟ್ಸ್, ಹಾಲು, ಮೂರು ಮೊಟ್ಟೆ, ಬಾಳೆಹಣ್ಣು. ಮಧ್ಯಾಹ್ನ 120 ಗ್ರಾಂ ಅಕ್ಕಿಯ ಅನ್ನ, 150 ಗ್ರಾಂ ಚಿಕನ್. ರಾತ್ರಿ 400 ಗ್ರಾಂ ಆಲೂಗಡ್ಡೆ, ಮೀನು, ತರಕಾರಿ. ಇದು ಏಳೂ ದಿನ ಒಂದೇ. ಅಭ್ಯಾಸಕ್ಕೆ ಎರಡೂವರೆ ಗಂಟೆ ಮೊದಲು 100 ಗ್ರಾಂ ಅಕ್ಕಿಯ ಅನ್ನ, ಮೊಸರು, ಒಂದು ಅಳತೆ ಪ್ರೋಟೀನ್ ಪುಡಿ. ರಜಾದಿನ ಆ ಹೊತ್ತಿನ ಅನ್ನ ಮಾತ್ರ ಬಿಟ್ಟು ಉಳಿದದ್ದನ್ನು ತಿನ್ನಿ. ಅಭ್ಯಾಸದ ಮುಂಚಿನ ಆ ಊಟಕ್ಕೆ ಎಣ್ಣೆ, ಕಾಳು ಸೇರಿಸಬೇಡಿ. ಹೊಟ್ಟೆ ಭಾರವಾಗಿದ್ದಾಗ ಬೆಲ್ಟ್ ಬಿಗಿದು ಉಸಿರು ಹಿಡಿಯುವುದು ಎಷ್ಟು ಕಷ್ಟ ಎಂದು ನಿಮಗೇ ಗೊತ್ತು.

74ರ ಲಿಫ್ಟರ್

ಇಷ್ಟೆಲ್ಲ ಯಾಕೆ? ಉಪ್ಪು ಕಡಿಮೆ ಮಾಡಿದರೆ ತೂಕ ಇಳಿಯುತ್ತದೆ, ಊಟ ಹಾಗೇ ಇರಬಹುದು. ಕ್ರಿಯೇಟೀನ್ ತಗೊಳ್ತಿದ್ದರೆ ಅದನ್ನೂ ನಿಲ್ಲಿಸಿ, ಅದೂ ನೀರು ಹಿಡಿಯುತ್ತದೆ.

ಆಹಾರ ತಜ್ಞೆ

ಉಪ್ಪು ಇಳಿಸಿದರೆ ತೂಕ ಇಳಿಯುವುದು ನಿಜ, ಆದರೆ ಅದು ಒಂದು ಸಲದ ಇಳಿತ. ವಾರಕ್ಕೆ 200 ಗ್ರಾಂ ಏರುತ್ತಿರುವುದು ಹಾಗೇ ಮುಂದುವರಿಯುತ್ತದೆ. ಚೆನ್ನಾಗಿ ಬೆವರುವವರು ಉಪ್ಪು ತೀರಾ ಕಡಿಮೆ ಮಾಡಿದರೆ ತಲೆಸುತ್ತು, ಸೆಳೆತದ ತೊಂದರೆ ಬೇರೆ. ಉಪ್ಪು ದಿನವೂ ಹೆಚ್ಚುಕಡಿಮೆ ಒಂದೇ ಇರಲಿ, ಆಗ ತೂಕದ ಅಂಕಿ ಓದಲು ಬರುತ್ತದೆ. ಕ್ರಿಯೇಟೀನ್ ಕೂಡ ದಿನಕ್ಕೆ 3ರಿಂದ 5 ಗ್ರಾಂ ತಪ್ಪದೆ ನಡೆಯಲಿ. ಅದು ಹಿಡಿದ ನೀರು ಈಗಾಗಲೇ 83.4ರೊಳಗೆ ಸೇರಿದೆ.

ನನಗೆ ಅನುಮಾನ ಇರುವುದು ಬರೆದಿಟ್ಟ 2900ರ ಮೇಲೆ. ಅಕ್ಕಿ ತೂಗಿದ್ದು ಬೇಯಿಸುವ ಮೊದಲೋ ಆಮೇಲೋ? 100 ಗ್ರಾಂ ಹಸಿ ಅಕ್ಕಿಗೆ ಸುಮಾರು 355 ಕ್ಯಾಲೊರಿ, 100 ಗ್ರಾಂ ಅನ್ನಕ್ಕೆ 130. ಆ್ಯಪ್‌ನಲ್ಲಿ ಒಂದರ ಬದಲು ಇನ್ನೊಂದನ್ನು ಒತ್ತಿದರೆ ಲೆಕ್ಕ ಅರ್ಧಕ್ಕಿಂತ ಹೆಚ್ಚು ತಪ್ಪುತ್ತದೆ. ಬಾಣಲೆಗೆ ಸುರಿದ ಎಣ್ಣೆಯನ್ನು ಯಾರೂ ಬರೆಯುವುದಿಲ್ಲ. ಒಂದು ದೊಡ್ಡ ಚಮಚಕ್ಕೇ 120. ಹಾಗಂತ ಗಾಬರಿ ಬೇಡ. ತಪ್ಪು ದಿನವೂ ಒಂದೇ ರೀತಿ ಆಗುತ್ತಿದ್ದರೆ ನಿಮ್ಮ ಲೆಕ್ಕದಲ್ಲಿ 220 ಇಳಿಸಿದರೂ ಫಲ ಅದೇ. ಒಂದು ದಿನ ತೂಗಿ ಇನ್ನೊಂದು ದಿನ ಕಣ್ಣಳತೆಯಲ್ಲಿ ಹಾಕಿಕೊಂಡರೆ ಮಾತ್ರ ಯಾವ ಲೆಕ್ಕವೂ ನಿಲ್ಲದು.

ರಜಾದಿನದ ಅನ್ನ ಬಿಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಖಾಲಿಯಾದ ಗ್ಲೈಕೊಜೆನ್ ತುಂಬಲು ಒಂದು ದಿನದಷ್ಟು ಹೊತ್ತು ಬೇಕು. ಭಾರದ ಸ್ಕ್ವಾಟ್‌ನ ಹಿಂದಿನ ದಿನವೇ ರಜೆ ಇದ್ದರೆ, ಬೇಕಾದ ಹೊತ್ತಿನಲ್ಲೇ ಕಡಿತ ಮಾಡಿದ ಹಾಗಾಯಿತು.

ತರಬೇತುದಾರ

ಒಪ್ಪುವ ಮಾತು, ಆದರೆ ಪೂರ್ತಿ ಅಲ್ಲ. ಮೂರು ರೆಪ್, ಐದು ರೆಪ್‌ಗಳ ಸೆಟ್‌ಗಳಲ್ಲಿ ಓಟಗಾರರ ಹಾಗೆ ಗ್ಲೈಕೊಜೆನ್ ಬರಿದಾಗುವುದಿಲ್ಲ. ರಜಾದಿನವೂ 285 ಗ್ರಾಂ ಕಾರ್ಬ್ ಉಳಿದೇ ಇದೆ. ಏಳೂ ದಿನ 2700 ತಿಂದು ಚೆನ್ನಾಗಿ ಎತ್ತುವವರೂ ಇದ್ದಾರೆ. ಅಭ್ಯಾಸದ ದಿನ ಹಸಿವು ತಡೆಯದವರಿಗೆ ಏರಿಳಿತ ಹಿತ.

57ರ ಲಿಫ್ಟರ್

ನನ್ನ ತೂಕ ಮುಟ್ಟಿನ ಹಿಂದಿನ ವಾರ ಒಂದೂವರೆ ಕೆಜಿ ಏರುತ್ತದೆ. ವಾರದ ಸರಾಸರಿ ನೋಡಿದರೆ ಪ್ರತಿ ತಿಂಗಳೂ ಊಟ ಕಡಿಮೆ ಮಾಡಬೇಕು ಅನಿಸುತ್ತದೆ. ನನಗೂ ಇದೇ ಲೆಕ್ಕ ನಡೆಯುತ್ತದಾ?

ಆಹಾರ ತಜ್ಞೆ

ಈ ವಾರವನ್ನು ಕಳೆದ ವಾರದ ಜೊತೆ ಹೋಲಿಸಬೇಡಿ. ಹಿಂದಿನ ಚಕ್ರದ ಇದೇ ವಾರದ ಜೊತೆ ಹೋಲಿಸಿ. ಅಲ್ಲೂ ಏರಿಕೆ ಕಂಡರೆ ಮಾತ್ರ ಊಟಕ್ಕೆ ಕೈ ಹಾಕಿ.

ಪ್ರಶ್ನೆ ಕೇಳಿದವರು

ಅಕ್ಕಿ ಹಸಿಯಾಗಿಯೇ ತೂಗುತ್ತೇನೆ, ಎಣ್ಣೆ ಬರೆದಿಲ್ಲ. ನನಗೆ ರಜೆ ಬುಧವಾರ, ಶನಿವಾರ, ಭಾನುವಾರ. ಸೋಮವಾರ ಭಾರದ ಸ್ಕ್ವಾಟ್, ಗುರುವಾರ ಡೆಡ್‌ಲಿಫ್ಟ್. 2700ರಲ್ಲಿ ತೂಕ ನಿಂತು ಬಲವೂ ಇಳಿದರೆ ಏನು ಮಾಡಲಿ?

ತರಬೇತುದಾರ

ನಿಮ್ಮ ಮೂರು ರಜೆಯಲ್ಲಿ ಎರಡು ಭಾರದ ದಿನದ ಹಿಂದೆಯೇ ಬರುತ್ತವೆ, ಹಾಗಾಗಿ ಇಲ್ಲಿ ಮೇಡಂ ಹೇಳಿದ್ದೇ ಸರಿ ಹೊಂದೀತು. ಏಳೂ ದಿನ 2700 ಇಟ್ಟು ನಾಲ್ಕು ವಾರ ನೋಡಿ. ಅಭ್ಯಾಸದ ದಿನ ಮಧ್ಯಾಹ್ನದ ಅನ್ನ ಸ್ವಲ್ಪ ಕಡಿಮೆ ಮಾಡಿ ಅದನ್ನು ಅಭ್ಯಾಸದ ಮುಂಚಿನ ಊಟಕ್ಕೆ ಕೊಡಿ.

ಬಲ ಇಳಿಯಿತೋ ಇಲ್ಲವೋ ಎಂದು ಒಂದು ಕೆಟ್ಟ ದಿನದಿಂದ ತೀರ್ಮಾನಿಸಬೇಡಿ. ಪ್ರತಿ ಸೋಮವಾರ ಒಂದೇ ಭಾರದ ಒಂದು ಸೆಟ್ ಇಟ್ಟುಕೊಳ್ಳಿ, ಇನ್ನೂ ಮೂರು ರೆಪ್ ಬಾಕಿ ಉಳಿಯುವಂಥದ್ದು. ಎರಡು ಸೋಮವಾರ ಸತತವಾಗಿ ಅದೇ ಸೆಟ್‌ನಲ್ಲಿ ಒಂದೇ ರೆಪ್ ಬಾಕಿ ಅನಿಸಿ, ನಿದ್ದೆಯೂ ಸರಿ ಇದ್ದರೆ ದಿನಕ್ಕೆ 100 ಕ್ಯಾಲೊರಿ ಕಾರ್ಬ್ ಸೇರಿಸಿ. ನಿದ್ದೆ ಕೆಟ್ಟಿದ್ದರೆ ಊಟ ಮುಟ್ಟಬೇಡಿ. ಸರಾಸರಿ 83.5 ದಾಟದಿದ್ದರೆ ಸಾಕು. ಉಳಿದ ಅರ್ಧ ಕೆಜಿಗೆ ಮೇಲೆ 105ರವರು ಹೇಳಿದ ನಾರಿನ ಉಪಾಯ ಇದೆ. ಆದರೆ ತೂಕ ನೋಡುವುದು ಸ್ಪರ್ಧೆಗೆ ಎರಡು ಗಂಟೆ ಮೊದಲೋ ಹಿಂದಿನ ದಿನವೋ ಎಂದು ಈಗಲೇ ವಿಚಾರಿಸಿ. ಎರಡೇ ಗಂಟೆ ಎಂದರೆ ಆಮೇಲೆ ಹೊಟ್ಟೆ ತುಂಬ ತಿನ್ನುವ ಮಾತು ಮರೆತುಬಿಡಿ.