ಪದಚರ್ಚೆ: ಸ್ಟಾರ್ಕ್ ಪರಿಣಾಮವನ್ನು ವಿವರಿಸುವಾಗ ‘ಡಿಜನರೆಸಿ’ಗೆ ‘ಸಮಶಕ್ತಿಕತೆ’ ಎಂದರೆ ಸಾಕೇ?

ಬಳ್ಳಾರಿಯಿಂದ

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಪದವಿ ತರಗತಿಯ ಮಕ್ಕಳಿಗಾಗಿ ಸ್ಟಾರ್ಕ್ ಪರಿಣಾಮದ ಬಗ್ಗೆ ಕನ್ನಡದಲ್ಲಿ ಒಂದು ಪಾಠ ಬರೆಯುತ್ತಿದ್ದೇನೆ. 1913ರಲ್ಲಿ ಯೋಹಾನ್ನೆಸ್ ಸ್ಟಾರ್ಕ್ ಅವರು ಜಲಜನಕದ ಬಾಮರ್ ರೇಖೆಗಳು ಪ್ರಬಲ ವಿದ್ಯುತ್ ಕ್ಷೇತ್ರದಲ್ಲಿ ಹಲವು ಎಳೆಗಳಾಗಿ ಒಡೆಯುವುದನ್ನು ಕಂಡ ಸಂಗತಿಯಿಂದ ಪಾಠ ಆರಂಭವಾಗುತ್ತದೆ. ನಾನು ತಡೆದು ನಿಂತಿರುವುದು ಈ ವಾಕ್ಯದ ಬಳಿ:

“ಉದ್ರಿಕ್ತ ಸ್ಥಿತಿಗಳು ಸಮಶಕ್ತಿಕವಾಗಿರುವುದರಿಂದ ಅವುಗಳ ಸೀಳಿಕೆ ಕ್ಷೇತ್ರಕ್ಕೆ ನೇರ ಅನುಪಾತದಲ್ಲಿರುತ್ತದೆ, ತಳಸ್ಥಿತಿಯ ಸೀಳಿಕೆ ಕ್ಷೇತ್ರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ.”

ಡಿಜನರೆಸಿ ಎಂಬುದಕ್ಕೆ ‘ಅವನತಿ’ ಎಂದು ಬರೆದರೆ ಏನೋ ಕೆಟ್ಟುಹೋಯಿತೆಂಬ ಅರ್ಥ ಬರುತ್ತದೆಯಾದ್ದರಿಂದ ಅದನ್ನು ಬಿಟ್ಟು ‘ಸಮಶಕ್ತಿಕತೆ’ ಎಂದು ಬಳಸಿದ್ದೇನೆ. ಈ ಪದ ಒಪ್ಪುವಂಥದೇ, ಮತ್ತು ಮೇಲಿನ ವಾಕ್ಯದಲ್ಲಿ ‘ಆಗಿರುವುದರಿಂದ’ ಎಂದು ಹೇಳಿರುವ ಕಾರಣದ ಭಾರವನ್ನು ಅದು ಹೊರಬಲ್ಲದೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ರಾಯಚೂರಿನಿಂದ

ಮೇಡಂ, ‘ಸಮಶಕ್ತಿಕತೆ’ ಚೆನ್ನಾಗಿದೆ, ಹಾಗೆಯೇ ಇರಲಿ. ಆದರೆ ಕಾರಣವನ್ನು ಇನ್ನೂ ಸರಳವಾಗಿ ಹೇಳಬಹುದೆಂದು ನನಗೆ ತೋರುತ್ತದೆ. ಉದ್ರಿಕ್ತ ಸ್ಥಿತಿಯಲ್ಲಿ ಇಲೆಕ್ಟ್ರಾನು ನ್ಯೂಕ್ಲಿಯಸ್ಸಿನಿಂದ ದೂರವಿದ್ದು ಹಿಡಿತ ಸಡಿಲವಾಗಿರುತ್ತದೆ. ಆದ್ದರಿಂದ ಹೊರಗಿನ ಕ್ಷೇತ್ರ ಅದನ್ನು ಸುಲಭವಾಗಿ ಎಳೆಯುತ್ತದೆ, ಪಲ್ಲಟವೂ ದೊಡ್ಡದಾಗುತ್ತದೆ. ಸಮಶಕ್ತಿಕತೆಯ ಮಾತನ್ನು ತರದೆಯೇ ವಿದ್ಯಾರ್ಥಿಗೆ ಇಷ್ಟು ಅರ್ಥವಾಗುತ್ತದೆ.

ಶಕ್ತಿನಗರದಿಂದ

ಉಷ್ಣ ವಿದ್ಯುತ್ ಸ್ಥಾವರದಿಂದ ನಿವೃತ್ತನಾದವನು ನಾನು. ನಮ್ಮಲ್ಲಿ ಜನರೇಟರನ್ನು ತಂಪಾಗಿಡಲು ಜಲಜನಕ ತುಂಬುತ್ತಿದ್ದೆವು, ಪಕ್ಕದಲ್ಲೇ 400 ಕಿಲೋವೋಲ್ಟಿನ ತಂತಿಗಳಿದ್ದವು. ಅಂಥ ಕಡೆ ಈ ಸೀಳಿಕೆ ನಡೆಯುತ್ತಿತ್ತೇ? ನಡೆಯುತ್ತಿದ್ದರೆ ಅನಿಲಕ್ಕೆ ಏನಾದರೂ ಅಪಾಯವಿತ್ತೇ?

ಗಂಗಾವತಿಯಿಂದ

ಮೊದಲು ಶಕ್ತಿನಗರದ ಹಿರಿಯರಿಗೆ. ಪ್ರಶ್ನೆ ಇರುವುದು ಒಂಟಿ ಜಲಜನಕ ಪರಮಾಣುವಿನ ಬಗ್ಗೆ. ಜನರೇಟರಿನಲ್ಲಿದ್ದದ್ದು ಎರಡು ಪರಮಾಣು ಸೇರಿದ ಅಣು. ತನ್ನ ತಳಸ್ಥಿತಿಯಲ್ಲಿರುವ ಆ ಅಣುವಿಗೆ ಇಲ್ಲಿ ಹೇಳುತ್ತಿರುವ ನೇರ ಪಲ್ಲಟ ಇರುವುದಿಲ್ಲ. ತಂತಿಯ ಸುತ್ತಲ ಗಾಳಿಯಾದರೂ ಮೀಟರಿಗೆ ಸುಮಾರು 30 ಲಕ್ಷ ವೋಲ್ಟಿನ ಆಸುಪಾಸಿನಲ್ಲೇ ಕಿಡಿಯಾಗುತ್ತದೆ. ಸ್ಟಾರ್ಕ್ ಅವರಿಗೂ ಇದೇ ತೊಡಕಿತ್ತು: ಬೆಳಗುತ್ತಿರುವ ಅನಿಲವೇ ವಿದ್ಯುತ್ತನ್ನು ಹರಿಸಿಬಿಡುವುದರಿಂದ ಅದರೊಳಗೆ ಪ್ರಬಲ ಕ್ಷೇತ್ರ ನಿಲ್ಲುವುದಿಲ್ಲ. ಅವರು ರಂಧ್ರಗಳಿದ್ದ ಕ್ಯಾಥೋಡಿನ ಹಿಂಬದಿಗೆ ಹಾಯ್ದುಬರುವ ಕಿರಣಗಳನ್ನು ಬಳಸಿ, ಅಲ್ಲಿನ ಕಿರಿದಾದ ಸಂದಿನಲ್ಲಿ ಪ್ರತ್ಯೇಕವಾಗಿ ಕ್ಷೇತ್ರವನ್ನು ಹೂಡಿದರು.

ಇನ್ನು ಮೇಡಂ ಕೇಳಿದ ವಾಕ್ಯ. ಅದರಲ್ಲಿ ಮೂರು ಕಡೆ ಕೈಯಾಡಿಸಬೇಕು.

ತಳಸ್ಥಿತಿ ಸೀಳುವುದೇ ಇಲ್ಲ. ಸ್ಪಿನ್ ಬಿಟ್ಟು ಲೆಕ್ಕ ಹಾಕಿದರೆ ಅದು ಒಂದೇ ಸ್ಥಿತಿ. ಒಂದು ಎರಡಾಗಲು ಎಡೆಯೆಲ್ಲಿದೆ? ಅದು ಕೆಳಕ್ಕೆ ಜರುಗುತ್ತದೆ, ಅಷ್ಟೇ. ಹಾಗಾಗಿ ಅಲ್ಲಿ ‘ಪಲ್ಲಟ’ ಎಂದೇ ಬರೆಯಬೇಕು.

ಎರಡನೆಯದಾಗಿ, ರಾಯಚೂರಿನ ಮಿತ್ರರು ಹೇಳಿದ್ದು ಅರ್ಧ ಸರಿ. ಹಿಡಿತ ಸಡಿಲವಾದರೆ ಪಲ್ಲಟದ ಪ್ರಮಾಣ ಹೆಚ್ಚುತ್ತದೆ, ನಿಜ. ಆದರೆ ನೇರ ಅನುಪಾತವೋ ವರ್ಗದ ಅನುಪಾತವೋ ಎಂಬುದನ್ನು ಅದು ತೀರ್ಮಾನಿಸುವುದಿಲ್ಲ. ಸೋಡಿಯಂ ನೋಡಿ: ಅದರ ಹೊರಗಿನ ಇಲೆಕ್ಟ್ರಾನು 3p ಸ್ಥಿತಿಗೇರಿದಾಗ ಹಿಡಿತ ಸಾಕಷ್ಟು ಸಡಿಲವೇ, ಆದರೂ ಪಲ್ಲಟ ಕ್ಷೇತ್ರದ ವರ್ಗವನ್ನೇ ಅನುಸರಿಸುತ್ತದೆ. ಏಕೆಂದರೆ ಅಲ್ಲಿ 3s ಮತ್ತು 3p ನಡುವೆ ಸುಮಾರು 2.1 ಇಲೆಕ್ಟ್ರಾನ್ ವೋಲ್ಟ್ ಅಂತರವಿದೆ. ಸೋಡಿಯಂ ದೀಪದ ಹಳದಿ ಬೆಳಕು ಈ ಅಂತರದ್ದೇ.

ಪ್ರಯೋಗದಲ್ಲಿ ಗುರುತಿಸುವುದು ಸುಲಭ. ಕ್ಷೇತ್ರವನ್ನು ಇಮ್ಮಡಿ ಮಾಡಿದಾಗ ಪಲ್ಲಟವೂ ಇಮ್ಮಡಿಯಾದರೆ ಅದು ನೇರ, ನಾಲ್ಕು ಪಟ್ಟಾದರೆ ವರ್ಗ.

ಅಂತರ ಏಕೆ ಮುಖ್ಯ ಎಂಬುದನ್ನು ಹೀಗೆ ನೋಡಬಹುದು. ಕ್ಷೇತ್ರ ಪರಮಾಣುವಿನ ಶಕ್ತಿಯನ್ನು ಬದಲಿಸಬೇಕಾದರೆ ಇಲೆಕ್ಟ್ರಾನು ಮೋಡದ ನಡುಬಿಂದು ಪ್ರೋಟಾನಿನಿಂದ ಒಂದು ಬದಿಗೆ ಸರಿದಿರಬೇಕು. s ಮೋಡವಾಗಲಿ p ಮೋಡವಾಗಲಿ ಒಂಟಿಯಾಗಿದ್ದಾಗ ಎರಡು ಬದಿಗೂ ಸಮವಾಗಿರುತ್ತದೆ; ಬದಿಗೆ ಸರಿಯಲು s ಮತ್ತು p ಬೆರೆಯಬೇಕು. ತಳಸ್ಥಿತಿಯಾದ 1s ಬೆರೆಯಲು ಸಿಗುವ ಅತಿ ಹತ್ತಿರದ p ಸ್ಥಿತಿ 10.2 ಇಲೆಕ್ಟ್ರಾನ್ ವೋಲ್ಟ್ ಮೇಲಿದೆ. ಅಷ್ಟು ಬೆಲೆ ತೆರಬೇಕಾದ್ದರಿಂದ ಬೆರಕೆ ಅತ್ಯಲ್ಪ, ಅದೂ ಕ್ಷೇತ್ರ ಹೆಚ್ಚಿದಷ್ಟೇ ಹೆಚ್ಚುತ್ತದೆ. ಸರಿತವೇ ಕ್ಷೇತ್ರದ ಅನುಪಾತದಲ್ಲಿರುವಾಗ ಶಕ್ತಿ ಕ್ಷೇತ್ರದ ವರ್ಗದಂತೆ ನಡೆಯುತ್ತದೆ. n = 2ರಲ್ಲಿಯಾದರೋ 2s ಮತ್ತು 2p ಒಂದೇ ಶಕ್ತಿಯವು, ಬೆರೆಯಲು ಬೆಲೆಯೇ ಇಲ್ಲ; ಕ್ಷೇತ್ರ ಎಷ್ಟೇ ಸಣ್ಣದಿದ್ದರೂ ಅವು ಅರ್ಧಕ್ಕರ್ಧ ಬೆರೆತು, ಮೋಡದ ನಡುಬಿಂದು ಬೋರ್ ತ್ರಿಜ್ಯದ ಮೂರು ಪಟ್ಟು ದೂರಕ್ಕೆ ಸರಿದು ನಿಲ್ಲುತ್ತದೆ. ಸರಿತ ಮೊದಲೇ ನಿಗದಿಯಾದ ಮೇಲೆ ಶಕ್ತಿ ಕ್ಷೇತ್ರಕ್ಕೆ ನೇರ ಅನುಪಾತದಲ್ಲಿ ಇರಲೇಬೇಕು.

ಇದನ್ನೇ ಒಂದು ಸಾಲಿನಲ್ಲಿ ಬರೆಯುವುದಾದರೆ, ಎರಡು ಸ್ಥಿತಿಗಳ ನಡುವಣ ಅಂತರ 2d, ಕ್ಷೇತ್ರ ಅವನ್ನು ಜೋಡಿಸುವ ಬಲ V ಆದಾಗ, ನಡುಮಟ್ಟದಿಂದ ಅಳೆದ ಶಕ್ತಿಗಳು ±√(d² + V²). V ಕ್ಷೇತ್ರಕ್ಕೆ ಅನುಪಾತದಲ್ಲಿದೆ. d ಸೊನ್ನೆಯಾದರೆ ಉಳಿಯುವುದು ±V. d ದೊಡ್ಡದಾದರೆ ಪಲ್ಲಟ ಸುಮಾರು V²/2d. ಮೀಟರಿಗೆ 1 ಕೋಟಿ ವೋಲ್ಟ್ ಕ್ಷೇತ್ರದಲ್ಲಿ n = 2ರ ಪಲ್ಲಟ ±0.0016 ಇಲೆಕ್ಟ್ರಾನ್ ವೋಲ್ಟ್. ತಳಸ್ಥಿತಿಯದು ಅದಕ್ಕಿಂತ ಸುಮಾರು 70,000 ಪಟ್ಟು ಕಡಿಮೆ.

ಮೂರನೆಯದು, ‘ಸಮಶಕ್ತಿಕವಾಗಿರುವುದರಿಂದ’ ಎಂಬ ಮಾತೊಂದೇ ಸಾಲದು. n = 2ರಲ್ಲಿ ನಾಲ್ಕು ಸ್ಥಿತಿಗಳಿವೆ, ನಾಲ್ಕೂ ಸಮಶಕ್ತಿಕವೇ. ಕ್ಷೇತ್ರ ಹೂಡಿದ ಮೇಲೆ ಒಂದು ಮೇಲೇರುತ್ತದೆ, ಒಂದು ಕೆಳಗಿಳಿಯುತ್ತದೆ, m = +1 ಮತ್ತು m = −1 ಇರುವ ಎರಡು p ಸ್ಥಿತಿಗಳು ಮೊದಲ ಹಂತದ ಲೆಕ್ಕದಲ್ಲಿ ಇದ್ದಲ್ಲೇ ಉಳಿಯುತ್ತವೆ. ಕ್ಷೇತ್ರ m ಬೆಲೆಯನ್ನು ಬದಲಿಸಲಾರದು, 2s ಸ್ಥಿತಿಯ m ಸೊನ್ನೆ. ಆ ಎರಡಕ್ಕೆ ಜೊತೆಯಾಗಲು ಯಾರೂ ಇಲ್ಲ. ಆದ್ದರಿಂದ ‘ಒಂದೇ m ಇದ್ದು ವಿರುದ್ಧ ಪ್ಯಾರಿಟಿಯ ಸ್ಥಿತಿಗಳು ಸಮಶಕ್ತಿಕವಾಗಿರುವುದರಿಂದ’ ಎಂದು ತಿದ್ದಿಕೊಳ್ಳಿ. ವಾಕ್ಯ ಉದ್ದವಾಗುತ್ತದೆ, ಆಗಲಿ.

ರಾಯಚೂರಿನಿಂದ

ಸೋಡಿಯಂ ಉದಾಹರಣೆಯನ್ನು ಒಪ್ಪಿದೆ, ಸರ್. ಆದರೆ 2s ಮತ್ತು 2p ನಿಜಕ್ಕೂ ಸಮಶಕ್ತಿಕವೇ? ಲ್ಯಾಂಬ್ ಪಲ್ಲಟ ಎಂಬುದೊಂದಿದೆಯಲ್ಲ. ಹಾಗಿದ್ದರೆ d ಎಂದೂ ಸೊನ್ನೆಯಾಗದು, ನೇರ ಅನುಪಾತವೂ ಸುಳ್ಳಾಯಿತಲ್ಲವೇ?

ಗಂಗಾವತಿಯಿಂದ

ಸುಳ್ಳಾಗುವುದಿಲ್ಲ, ಅದಕ್ಕೊಂದು ಕೆಳಮಿತಿ ಬರುತ್ತದೆ. ಸ್ಪಿನ್ ಸೇರಿಸಿದಾಗ 2s ಸ್ಥಿತಿಗೂ ಅದರ ಪಕ್ಕದ 2p ಸ್ಥಿತಿಗೂ ಸುಮಾರು 1058 ಮೆಗಾಹರ್ಟ್ಸ್ ಅಂತರವಿದೆ. ಅದು ಒಂದು ಇಲೆಕ್ಟ್ರಾನ್ ವೋಲ್ಟಿನ 10 ಲಕ್ಷದಲ್ಲಿ ನಾಲ್ಕು ಪಾಲಿಗೆ ತುಸು ಹೆಚ್ಚು. ಸೆಂಟಿಮೀಟರಿಗೆ ಕೆಲವು ನೂರು ವೋಲ್ಟಿಗಿಂತ ತೀರ ಕಡಿಮೆ ಕ್ಷೇತ್ರದಲ್ಲಿ ಜಲಜನಕವೂ ವರ್ಗದ ನಿಯಮವನ್ನೇ ಪಾಲಿಸುತ್ತದೆ. ಸೂಕ್ಷ್ಮರಚನೆಯ ಇನ್ನೊಂದು ಅಂತರ ಇದರ ಹತ್ತರಷ್ಟಿರುವುದರಿಂದ, ನಾನು ಮೇಲೆ ಹೇಳಿದ ಸರಳ ಚಿತ್ರ ಅದನ್ನೂ ಬಹಳವಾಗಿ ಮೀರಿಸುವ ಕ್ಷೇತ್ರಕ್ಕೆ ಮಾತ್ರ ಅನ್ವಯಿಸುತ್ತದೆ. ಸೆಂಟಿಮೀಟರಿಗೆ 1 ಲಕ್ಷ ವೋಲ್ಟಿನ ಮಟ್ಟದ ಕ್ಷೇತ್ರಕ್ಕೆ ಆ ಚಿಂತೆ ಇಲ್ಲ.

ಬಳ್ಳಾರಿಯಿಂದ

ಎಲ್ಲರಿಗೂ ಧನ್ಯವಾದ. ತಳಸ್ಥಿತಿಗೆ ‘ಪಲ್ಲಟ’, ಉದ್ರಿಕ್ತ ಸ್ಥಿತಿಗೆ ‘ಸೀಳಿಕೆ’ ಎಂದು ಬದಲಿಸಿದ್ದೇನೆ. ಆದರೆ ಲ್ಯಾಂಬ್ ಅಂತರದ ಮಾತು ಬಂದ ಮೇಲೆ ‘ಸಮಶಕ್ತಿಕ’ ಎನ್ನಲು ಮನಸ್ಸು ಹಿಂದೇಟು ಹಾಕುತ್ತಿದೆ. ‘ಸಮೀಪಶಕ್ತಿಕ’ ಎಂಬ ಹೊಸ ಪದ ಟಂಕಿಸಬೇಕೇ ಅಥವಾ ‘ಸಮಶಕ್ತಿಕ’ವನ್ನೇ ಉಳಿಸಿ ಕ್ಷೇತ್ರದ ಕೆಳಮಿತಿಯನ್ನು ಮುಂದಿನ ವಾಕ್ಯದಲ್ಲಿ ಹೇಳಬೇಕೇ?

ರಾಯಚೂರಿನಿಂದ

ಹೊಸ ಪದ ಬೇಡ ಮೇಡಂ, ಕೆಳಮಿತಿಯನ್ನು ಹೇಳಿ.

ಗಂಗಾವತಿಯಿಂದ

ನನಗೆ ‘ಸಮೀಪಶಕ್ತಿಕ’ ಬೇಕೆನಿಸುತ್ತದೆ. ದುರ್ಬಲ ಕ್ಷೇತ್ರದ ಪಾಠ ಬರೆಯುವವರಿಗೆ ಆ ಪದವಿಲ್ಲದೆ ಕೆಲಸ ಸಾಗದು.